ಒಂದೇ ವೈರು, ಒಂದೇ ಮಾರಾಟ, ಲಾಭ ಮಾತ್ರ ಮೂರು ತರಹ

“ಸರ್, ಕೊಂಡ ಮಾಲು ಅದೇ, ಮಾರಿದ ಮಾಲೂ ಅದೇ. ಆದರೂ ಫಿಫೊದಲ್ಲಿ ಒಂದು ಲಾಭ, ಲಿಫೊದಲ್ಲಿ ಇನ್ನೊಂದು, ಸರಾಸರಿಯಲ್ಲಿ ಮತ್ತೊಂದು ಬರುತ್ತದಲ್ಲ, ಇದರಲ್ಲಿ ನಿಜವಾದ ಲಾಭ ಯಾವುದು?”

ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಇದನ್ನು ಪರೀಕ್ಷೆಯ ಹಿಂದಿನ ವಾರ ಕೇಳುತ್ತಾರೆ, ಅಂಗಡಿ ಇಟ್ಟುಕೊಂಡವರು ಮಾರ್ಚ್ ಕೊನೆಯಲ್ಲಿ ಕೇಳುತ್ತಾರೆ. ಇಬ್ಬರಿಗೂ ನಾನು ಮೊದಲು ಹೇಳುವುದು ಒಂದೇ ಮಾತು: ದಾಸ್ತಾನಿಗೆ ಬೆಲೆ ಕಟ್ಟುವ ಈ ಪದ್ಧತಿಗಳು ಗೋದಾಮಿನ ಸರಕನ್ನೂ ಮುಟ್ಟುವುದಿಲ್ಲ, ಗಲ್ಲಾದ ಹಣವನ್ನೂ ಮುಟ್ಟುವುದಿಲ್ಲ. ಸರಕಿಗೆಂದು ಆಗಿರುವ ಒಟ್ಟು ವೆಚ್ಚದಲ್ಲಿ ಎಷ್ಟು ಭಾಗ ಮಾರಿಹೋದ ಮಾಲಿನ ತಲೆಗೆ, ಎಷ್ಟು ಭಾಗ ಉಳಿದ ಮಾಲಿನ ತಲೆಗೆ ಎಂದು ಹಂಚುವುದಷ್ಟೇ ಅವುಗಳ ಕೆಲಸ. ಉಳಿದ ಮಾಲಿನ ತಲೆಗೆ ಹೆಚ್ಚು ಹಾಕಿದರೆ ಈ ತಿಂಗಳ ಲಾಭ ಹೆಚ್ಚುತ್ತದೆ, ಕಡಿಮೆ ಹಾಕಿದರೆ ಇಳಿಯುತ್ತದೆ. ಇದನ್ನು ಲೆಕ್ಕ ಮಾಡಿ ನೋಡದೆ ನಂಬುವುದು ಕಷ್ಟವಾದ್ದರಿಂದ ಒಂದು ಎಲೆಕ್ಟ್ರಿಕಲ್ ಅಂಗಡಿಯ ಏಪ್ರಿಲ್ ತಿಂಗಳನ್ನು ತೆಗೆದುಕೊಳ್ಳೋಣ. ಅಂಕಿಗಳು ಪಾಠಕ್ಕಾಗಿ ನಾನೇ ಇಟ್ಟುಕೊಂಡವು.

ಏಪ್ರಿಲ್ 1ರಂದು ಅಂಗಡಿಯಲ್ಲಿ ತಾಮ್ರದ ವೈರಿನ 100 ಕಾಯಿಲ್‌ಗಳಿದ್ದವು, ಒಂದೊಂದರ ಅಸಲು ₹1,000. ತಾಮ್ರದ ದರ ಏರುತ್ತಿತ್ತು. 8ರಂದು ಇನ್ನೂ 100 ಕಾಯಿಲ್‌ಗಳನ್ನು ₹1,100ರಂತೆ ತರಿಸಿದರು. 15ರಂದು 150 ಕಾಯಿಲ್ ಮಾರಾಟವಾಯಿತು. 20ರಂದು 200 ಕಾಯಿಲ್‌ಗಳು ₹1,200ರಂತೆ ಬಂದವು. 27ರಂದು ಮತ್ತೆ 150 ಮಾರಾಟವಾಯಿತು. ಮಾರಿದ ಬೆಲೆ ಎರಡು ಸಲವೂ ₹1,600. ತಿಂಗಳ ಕೊನೆಗೆ ಉಳಿದದ್ದು 100 ಕಾಯಿಲ್.

ಇಲ್ಲಿ ವಾದಕ್ಕೆ ಎಡೆಯಿಲ್ಲದ ಎರಡು ಮೊತ್ತಗಳಿವೆ. ಮಾರಾಟದ ಮೊತ್ತ 300 × 1,600, ಅಂದರೆ ₹4,80,000. ಹಳೆಯ ದಾಸ್ತಾನು ಮತ್ತು ಎರಡು ಖರೀದಿ ಸೇರಿ ಹಂಚಬೇಕಾದ ವೆಚ್ಚ 1,00,000 + 1,10,000 + 2,40,000, ಅಂದರೆ ₹4,50,000. ಯಾವ ಪದ್ಧತಿ ಹಿಡಿದರೂ ಮಾರಿದ ಸರಕಿನ ವೆಚ್ಚ ಮತ್ತು ಅಂತಿಮ ದಾಸ್ತಾನು ಎರಡೂ ಕೂಡಿ ₹4,50,000 ಆಗಲೇಬೇಕು. ಆಗದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ಉತ್ತರಪತ್ರಿಕೆಗಳಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪೆಂದರೆ ಸರಕು ಬಂದದ್ದು ಹೋದದ್ದನ್ನು ದಿನಾಂಕವಾರು ಬರೆಯುವ ಸ್ಟೋರ್ಸ್ ಲೆಡ್ಜರಿನ ನೀಡಿಕೆಯ ಕಾಲಮಿನಲ್ಲಿ ₹1,600 ಬರೆದುಬಿಡುವುದು. ಈ ವೆಚ್ಚ ಹಂಚುವ ಲೆಕ್ಕಕ್ಕೆ ಮಾರಾಟದ ಬೆಲೆಯಿಂದ ಏನೂ ಆಗಬೇಕಾದ್ದಿಲ್ಲ.

ಫಿಫೊ ಎಂದರೆ ಮೊದಲು ಬಂದ ಮಾಲು ಮೊದಲು ಹೊರಟಿತು ಎಂಬ ಎಣಿಕೆ. 15ರ 150ರಲ್ಲಿ ಹಳೆಯ 100 ಕಾಯಿಲ್ ಮುಗಿದು, ₹1,100ರ ಮಾಲಿನಿಂದ 50 ಹೋಗುತ್ತವೆ: ₹1,55,000. 27ರಂದು ಉಳಿದ 50 ಮತ್ತು ₹1,200ರ 100 ಹೋಗುತ್ತವೆ: ₹1,75,000. ಒಟ್ಟು ವೆಚ್ಚ ₹3,30,000, ಲಾಭ ₹1,50,000. ಉಳಿದ 100 ಕಾಯಿಲ್‌ಗಳು ಹೊಸ ದರದಲ್ಲಿ, ₹1,20,000ಕ್ಕೆ ನಿಲ್ಲುತ್ತವೆ.

ಲಿಫೊದಲ್ಲಿ ಕೊನೆಗೆ ಬಂದದ್ದು ಮೊದಲು ಹೊರಡುತ್ತದೆ, ಆದರೆ “ಕೊನೆ” ಎಂದರೆ ಯಾವ ಕೊನೆ ಎಂಬಲ್ಲಿ ಲೆಕ್ಕ ಎರಡಾಗಿ ಒಡೆಯುತ್ತದೆ. ತಿಂಗಳು ಮುಗಿದ ಮೇಲೆ ಒಟ್ಟಿಗೆ ಲೆಕ್ಕ ಹಾಕಿದರೆ ಮಾರಿದ 300 ಕಾಯಿಲ್‌ಗಳೆಂದರೆ ₹1,200ರ 200 ಮತ್ತು ₹1,100ರ 100. ವೆಚ್ಚ ₹3,50,000, ಲಾಭ ₹1,30,000, ಉಳಿದ ಮಾಲು ಏಪ್ರಿಲ್ 1ರ ಹಳೆಯ ದರದಲ್ಲೇ ₹1,00,000. ಇದರೊಳಗಿನ ವಿಚಿತ್ರವನ್ನು ಗಮನಿಸಿ: 27ರ ಮಾರಾಟಕ್ಕೆ ₹1,200ರ 150 ಕಾಯಿಲ್ ಸಾಕಾದವು, ಮಿಕ್ಕ 50ನ್ನು 15ರ ಮಾರಾಟಕ್ಕೆ ಹಚ್ಚಿದ್ದೇವೆ. ಅಂದರೆ 20ರಂದು ಬಂದ ಮಾಲನ್ನು 15ರಂದೇ ಮಾರಿದಂತಾಯಿತು! ಅದರ ಬದಲು ಪ್ರತಿ ಮಾರಾಟದ ದಿನವೇ ಲೆಕ್ಕ ಹಾಕಿದರೆ 15ರಂದು ₹1,100ರ 100 ಮತ್ತು ₹1,000ದ 50 ಹೋಗುತ್ತವೆ, ಅಂದರೆ ₹1,60,000. 27ರಂದು ₹1,200ರ 150, ಅಂದರೆ ₹1,80,000. ವೆಚ್ಚ ₹3,40,000, ಲಾಭ ₹1,40,000. ಲಿಫೊ ಒಂದೇ ಆದರೂ ಎರಡರ ನಡುವೆ ಹತ್ತು ಸಾವಿರದ ಅಂತರ. ಪ್ರಶ್ನೆಯಲ್ಲಿ ದಿನಾಂಕ ಕೊಟ್ಟು ಸ್ಟೋರ್ಸ್ ಲೆಡ್ಜರ್ ಕೇಳಿದ್ದರೆ ಎರಡನೆಯ ದಾರಿಯನ್ನೇ ಹಿಡಿಯಬೇಕು.

ತೂಕದ ಸರಾಸರಿಯ ವಿಷಯದಲ್ಲಿ ಅನೇಕರು 1,000, 1,100, 1,200 ಕೂಡಿಸಿ ಮೂರರಿಂದ ಭಾಗಿಸಿ ₹1,100 ಎನ್ನುತ್ತಾರೆ. ಅದು ಬರೀ ದರಗಳ ಸರಾಸರಿ. ದುಬಾರಿ ದರದಲ್ಲಿ ಬಂದದ್ದು 200 ಕಾಯಿಲ್, ಆದ್ದರಿಂದ ಆ ದರದ ತೂಕ ಇಮ್ಮಡಿ. ₹4,50,000ವನ್ನು 400ರಿಂದ ಭಾಗಿಸಿದರೆ ಸಿಗುವುದು ₹1,125. ಉಳಿದ ಮಾಲು ₹1,12,500, ಲಾಭ ₹1,42,500. ಇದನ್ನೇ ಪ್ರತಿ ಖರೀದಿಗೊಮ್ಮೆ ಹೊಸದಾಗಿ ಕಟ್ಟುತ್ತ ಹೋದರೆ 8ರ ನಂತರ ಸರಾಸರಿ ₹1,050. 15ರ ಮಾರಾಟವಾದ ಮೇಲೆ ಉಳಿದ 50ರ ಬೆಲೆ ₹52,500. ಅದಕ್ಕೆ 20ರ ₹2,40,000 ಸೇರಿ 250 ಕಾಯಿಲ್‌ಗೆ ₹2,92,500, ಸರಾಸರಿ ₹1,170. ಅಂತಿಮ ದಾಸ್ತಾನು ₹1,17,000, ಲಾಭ ₹1,47,000. ದರ ಏರುತ್ತಿರುವಾಗ ಚಲಿಸುವ ಸರಾಸರಿ ಇಲ್ಲಿ ಫಿಫೊದ ಹತ್ತಿರಕ್ಕೆ ಸರಿದಿರುವುದಕ್ಕೆ ಕಾರಣ, ಹಳೆಯ ಅಗ್ಗದ ಮಾಲಿನ ಹೆಚ್ಚಿನ ಪಾಲು ಮೊದಲ ಮಾರಾಟದಲ್ಲೇ ಹೊರಟುಹೋದದ್ದು.

| ಪದ್ಧತಿ | ಮಾರಿದ ಸರಕಿನ ವೆಚ್ಚ | ಅಂತಿಮ ದಾಸ್ತಾನು | ಲಾಭ |
|---|---|---|---|
| ಫಿಫೊ | 3,30,000 | 1,20,000 | 1,50,000 |
| ಚಲಿಸುವ ಸರಾಸರಿ | 3,33,000 | 1,17,000 | 1,47,000 |
| ತಿಂಗಳ ಸರಾಸರಿ | 3,37,500 | 1,12,500 | 1,42,500 |
| ಲಿಫೊ, ಪ್ರತಿ ಮಾರಾಟಕ್ಕೆ | 3,40,000 | 1,10,000 | 1,40,000 |
| ಲಿಫೊ, ತಿಂಗಳ ಕೊನೆಗೆ | 3,50,000 | 1,00,000 | 1,30,000 |

ಈಗ ಗಲ್ಲಾ ತೆರೆದು ನೋಡೋಣ. ಎಲ್ಲವೂ ನಗದು ವ್ಯವಹಾರ ಎಂದುಕೊಂಡರೆ ಬಂದದ್ದು ₹4,80,000, ಎರಡು ಖರೀದಿಗೆ ಹೋದದ್ದು ₹3,50,000, ಕೈಯಲ್ಲಿ ಉಳಿದದ್ದು ₹1,30,000. ಐದು ಸಾಲಿಗೂ ಇದೊಂದೇ ಉತ್ತರ. ಫಿಫೊ ತೋರಿಸುವ ಹೆಚ್ಚಿನ ₹20,000 ಎಲ್ಲಿದೆ ಎಂದರೆ, ಗೋದಾಮಿನಲ್ಲಿದೆ. ತಿಂಗಳ ಆರಂಭದಲ್ಲೂ ಅಲ್ಲಿ 100 ಕಾಯಿಲ್, ಕೊನೆಯಲ್ಲೂ 100 ಕಾಯಿಲ್. ಆದರೆ ಪುಸ್ತಕದಲ್ಲಿ ಅವುಗಳ ಬೆಲೆ ಒಂದು ಲಕ್ಷದಿಂದ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೆ ಏರಿದೆ. ನಾನು ಲೆಕ್ಕ ಬರೆಯುತ್ತಿದ್ದ ಒಬ್ಬ ವ್ಯಾಪಾರಿ ಹೀಗೆ ಏರಿದ ಲಾಭವನ್ನು ನೋಡಿ ಅಷ್ಟನ್ನೂ ಮನೆ ಕಟ್ಟುವುದಕ್ಕೆ ತೆಗೆದುಕೊಂಡು, ಮುಂದಿನ ಲೋಡಿಗೆ ಕೊಡಲು ಹಣವಿಲ್ಲದೆ ಕೈಸಾಲಕ್ಕೆ ಓಡಾಡಿದ್ದರು. ಲಾಭ ಸುಳ್ಳಾಗಿರಲಿಲ್ಲ, ಅದು ಕಾಯಿಲ್‌ಗಳ ರೂಪದಲ್ಲಿ ಕುಳಿತಿತ್ತು, ಅಷ್ಟೆ. ತೆರಿಗೆಯನ್ನಾದರೋ ಕಾಯಿಲ್ ರೂಪದಲ್ಲಿ ಕಟ್ಟಲು ಬರುವುದಿಲ್ಲ. ದರ ಶೇಕಡಾ 30 ಎಂದಿಟ್ಟುಕೊಂಡರೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ₹6,000 ವ್ಯತ್ಯಾಸ, ಅದೂ ನಗದಿನಲ್ಲಿ.

ಹಾಗಾದರೆ ಲಿಫೊದಿಂದ ಲಾಭ ತಪ್ಪಿಹೋಯಿತೇ? ಇಲ್ಲ, ಮುಂದಕ್ಕೆ ಹೋಯಿತು. ಮೇ ತಿಂಗಳಲ್ಲಿ ಹೊಸ ಖರೀದಿಯೇ ಇಲ್ಲದೆ ಉಳಿದ 100 ಕಾಯಿಲ್‌ಗಳನ್ನು ಅದೇ ₹1,600ರಂತೆ ಮಾರಿದರೆ, ಫಿಫೊದಲ್ಲಿ ಮೇ ಲಾಭ ₹40,000, ತಿಂಗಳ ಕೊನೆಯ ಲಿಫೊದಲ್ಲಿ ₹60,000. ಎರಡು ತಿಂಗಳು ಕೂಡಿಸಿದರೆ ಎರಡರಲ್ಲೂ ₹1,90,000. ಉಳಿದ ಮೂರು ಸಾಲುಗಳನ್ನೂ ಕೂಡಿಸಿ ನೋಡಿ, ಅದೇ ಮೊತ್ತ ಬರುತ್ತದೆ. ದಾಸ್ತಾನು ಪೂರ್ತಿ ಖಾಲಿಯಾದ ದಿನ ಪದ್ಧತಿಗಳ ಜಗಳವೂ ಮುಗಿಯುತ್ತದೆ. ಆದರೆ ನಡೆಯುವ ಅಂಗಡಿ ಖಾಲಿಯಾಗುವುದಿಲ್ಲ, ದರ ಏರುತ್ತಲೇ ಹೋದರೆ ಹಳೆಯ ದರದ ಮಾಲು ಪುಸ್ತಕದಲ್ಲಿ ವರ್ಷಗಟ್ಟಲೆ ಹಾಗೆಯೇ ಕುಳಿತಿರುತ್ತದೆ. ಲಿಫೊದ ಲಾಭನಷ್ಟದ ಲೆಕ್ಕ ಸರಿಯಾಗಿ ಕಂಡರೂ ಆಸ್ತಿಪಟ್ಟಿಯ ದಾಸ್ತಾನಿನ ಅಂಕಿ ಕಾಲಕ್ಕೆ ಸಂಬಂಧವಿಲ್ಲದ್ದಾಗುವುದು ಹೀಗೆ. ಒಂದು ವರ್ಷ ಮಾಲು ಬಾರದೆ ಆ ಹಳೆಯ ಪದರಕ್ಕೆ ಕೈಹಾಕಬೇಕಾಗಿ ಬಂದರೆ ವ್ಯಾಪಾರ ಕುಗ್ಗಿದ ವರ್ಷವೇ ಲಾಭ ಜಿಗಿಯುತ್ತದೆ.

ಇದೇ ಕಾರಣಗಳಿಂದ ನಮ್ಮಲ್ಲಿ ಲಿಫೊ ಈಗ ಪರೀಕ್ಷೆಯ ಹಾಳೆಯಲ್ಲಿ ಮಾತ್ರ ಉಳಿದಿದೆ. ದಾಸ್ತಾನಿಗೆ ಸಂಬಂಧಿಸಿದ ಲೆಕ್ಕಪತ್ರ ಮಾನದಂಡ 2 ಪರಿಷ್ಕೃತವಾಗಿ 1999ರಲ್ಲಿ ಜಾರಿಗೆ ಬಂದಾಗಲೇ ಅದನ್ನು ಕೈಬಿಟ್ಟು, ಬದಲಿಸಿ ಬಳಸಬಹುದಾದ ಸಾಮಾನ್ಯ ಸರಕಿಗೆ ಫಿಫೊ ಅಥವಾ ತೂಕದ ಸರಾಸರಿಯನ್ನು ಉಳಿಸಿಕೊಂಡಿತು. ಅಂತರರಾಷ್ಟ್ರೀಯ ಮಾನದಂಡವೂ 2003ರ ಪರಿಷ್ಕರಣೆಯಲ್ಲಿ ಹಾಗೆಯೇ ಮಾಡಿತು. ಆದರೆ ಅಮೆರಿಕದಲ್ಲಿ ಅದು ಇನ್ನೂ ಚಾಲ್ತಿಯಲ್ಲಿದೆ. ತೆರಿಗೆಗೆ ಲಿಫೊ ಬಳಸುವ ಕಂಪನಿ ಷೇರುದಾರರಿಗೆ ತೋರಿಸುವ ಲಾಭಕ್ಕೂ ಅದನ್ನೇ ಬಳಸಬೇಕೆಂಬ ಕಟ್ಟು ಅಲ್ಲಿದೆ.

ನಿಜವಾದ ಲಾಭ ಯಾವುದು ಎಂಬ ಪ್ರಶ್ನೆಗೆ ನಾನು ಕೊಡುವ ಅಂಕಿ ಮೇಲಿನ ಐದರಲ್ಲಿ ಯಾವುದೂ ಅಲ್ಲ. 15ರಂದು ಮಾರಿದ 150 ಕಾಯಿಲ್‌ಗಳಿಗೆ ಅಂದಿನ ಖರೀದಿ ದರ ₹1,100 ಹಿಡಿಯಿರಿ, 27ರ 150ಕ್ಕೆ ₹1,200 ಹಿಡಿಯಿರಿ. ವೆಚ್ಚ ₹3,45,000 ಆಗುತ್ತದೆ, ಉಳಿಯುವುದು ₹1,35,000. ಇದು ಕೊಂಡು ಮಾರಿದ ಶ್ರಮಕ್ಕೆ ಬಂದ ಲಾಭ. ಫಿಫೊದ ₹1,50,000ರಲ್ಲಿ ಮಿಕ್ಕ ₹15,000 ಬಂದದ್ದು ಮಾಲನ್ನು ಇಟ್ಟುಕೊಂಡಿದ್ದಾಗ ತಾಮ್ರ ಏರಿದ್ದರಿಂದ, ಅದು ತಾಮ್ರ ಇಳಿದಾಗ ಇದೇ ದಾರಿಯಲ್ಲಿ ವಾಪಸು ಹೋಗುವಂಥದ್ದು. ಕಾನೂನಿನ ಪುಸ್ತಕಕ್ಕೆ ಫಿಫೊ ಅಥವಾ ಸರಾಸರಿಯಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಬೇಕು. ಆದಾಯ ತೆರಿಗೆಯ ಲೆಕ್ಕಕ್ಕೆ ಅನ್ವಯಿಸುವ ಐಸಿಡಿಎಸ್ 2 ಎಂಬ ಮಾನದಂಡ ಕೂಡ ತಕ್ಕ ಕಾರಣವಿಲ್ಲದೆ ಪದ್ಧತಿ ಬದಲಿಸಬಾರದೆನ್ನುತ್ತದೆ. ಮನೆಖರ್ಚಿಗೆ ಎಷ್ಟು ತೆಗೆಯಬಹುದು ಎಂದು ಅಂಗಡಿಯವರು ಕೇಳಿದಾಗ ಮಾತ್ರ ನಾನು ಆ ಪುಸ್ತಕವನ್ನು ಬದಿಗಿಟ್ಟು, ಈ ₹1,35,000ದ ಲೆಕ್ಕವನ್ನು ಒಂದು ಹಾಳೆಯ ಹಿಂಬದಿಯಲ್ಲಿ ಬರೆದು, ಅದರ ಕೆಳಗೆ ಗಲ್ಲಾದ ₹1,30,000ವನ್ನೂ ಬರೆದು ತೋರಿಸುತ್ತೇನೆ.