ಏಳು ಜನರ ಸಂಬಳ ಮತ್ತು ವಾಪಸು ಬಂದ ಹದಿನಾಲ್ಕು ಸಾವಿರ

ಶಿರಸಿಯಲ್ಲಿ ಕಾಳುಮೆಣಸು, ಏಲಕ್ಕಿ ಮತ್ತು ಮುರುಗಲು ಸಿಪ್ಪೆಯನ್ನು ಹಸನು ಮಾಡಿ ಪ್ಯಾಕೆಟ್ ತುಂಬುವ ಚಿಕ್ಕ ಘಟಕವೊಂದನ್ನು ನಾವು ನಡೆಸುತ್ತೇವೆ. ಏಳು ಜನ ಕೆಲಸಕ್ಕಿದ್ದಾರೆ. ಬಹುಕಾಲ ಸಂಬಳವನ್ನು ಲಕೋಟೆಯಲ್ಲಿ ನಗದಾಗಿಯೇ ಕೊಡುತ್ತಿದ್ದೆವು. ಆದರೆ ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅದನ್ನು ಖರ್ಚೆಂದು ಒಪ್ಪುವುದಿಲ್ಲ. ನಮ್ಮಲ್ಲಿ ಅತಿ ಕಡಿಮೆ ಸಂಬಳವೇ 12,000 ಇರುವಾಗ ಲಕೋಟೆಯ ಪದ್ಧತಿ ಮುಂದುವರಿಸುವುದು ಸಾಧ್ಯವಿರಲಿಲ್ಲ. ಹಾಗಾಗಿ ಚಾಲ್ತಿ ಖಾತೆಯಿಂದ ಒಂದೇ ಕಡತದ ಮೂಲಕ ಎಲ್ಲರಿಗೂ ನೆಫ್ಟ್ ಮಾಡುವ ವ್ಯವಸ್ಥೆಗೆ ಬಂದೆವು.

ಮೊದಲ ತೊಡಕು ಖಾತೆಗಳದ್ದು. ಇಬ್ಬರು ತಮ್ಮ ಊರಿನ ಸೇವಾ ಸಹಕಾರಿ ಸಂಘದ ಪಾಸ್‌ಬುಕ್ಕನ್ನೇ ತಂದುಕೊಟ್ಟರು. ನಮ್ಮ ಸೀಮೆಯಲ್ಲಿ ಸೊಸೈಟಿಯೇ ಬ್ಯಾಂಕು. ಆದರೆ ಅದಕ್ಕೆ ತನ್ನದೇ ಐಎಫ್‌ಎಸ್‌ಸಿ ಸಂಕೇತ ಇಲ್ಲದ್ದರಿಂದ ನೆಫ್ಟ್ ಅಲ್ಲಿಗೆ ನೇರವಾಗಿ ಹೋಗುವುದಿಲ್ಲ. ಅವರಿಗೆ ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೆಸಬೇಕಾಯಿತು. ಇನ್ನೊಬ್ಬರ ಪಾಸ್‌ಬುಕ್ಕಿನಲ್ಲಿ SYNB ಎಂದು ಶುರುವಾಗುವ ಹಳೆಯ ಸಂಕೇತವಿತ್ತು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಮೇಲೆ ಆ ಸಂಕೇತಗಳು ರದ್ದಾಗಿ CNRB ಎಂಬ ಹೊಸವು ಬಂದಿವೆ. ಇಂಥ ತಪ್ಪು ಉಳಿದರೂ ಚಿಂತೆಯಿಲ್ಲ, ಕಡತ ಏರಿಸಿದ ಕೂಡಲೇ ಬ್ಯಾಂಕಿನ ತಂತ್ರಾಂಶವೇ ಆ ಸಾಲನ್ನು ತಿರಸ್ಕರಿಸುತ್ತದೆ. ಬಾಗಿಲಲ್ಲೇ ಸಿಕ್ಕಿಬೀಳದ ತಪ್ಪು ಯಾವುದೆಂಬುದು ಚೌತಿಯ ನಂತರದ ಸಂಬಳದ ದಿನ ಗೊತ್ತಾಯಿತು.

ಆ ತಿಂಗಳ ಒಟ್ಟು ಸಂಬಳ 1,15,000 ರೂಪಾಯಿ. ಹಬ್ಬದ ಮುಂಚೆ ಇಬ್ಬರು 3,000 ಮತ್ತು 2,000 ರೂಪಾಯಿ ಮುಂಗಡ ಪಡೆದಿದ್ದರು; ವೋಚರಿನ ಮೇಲೆ ಸಹಿ ಹಾಕಿಸಿಕೊಂಡು ಅದನ್ನು ನಗದಾಗಿ ಕೊಟ್ಟಿದ್ದೆವು. ಅದನ್ನು ಕಳೆದು ಬ್ಯಾಂಕಿನಿಂದ ಹೋಗಬೇಕಾದದ್ದು 1,10,000. ಲೆಕ್ಕ ಬರೆಯುವ ಹುಡುಗ ಕಡತ ಸಿದ್ಧಪಡಿಸಿ ಏರಿಸುತ್ತಾನೆ, ನಾನು ನನ್ನ ಲಾಗಿನ್‌ನಲ್ಲಿ ನೋಡಿ ಓಟಿಪಿ ಕೊಟ್ಟು ಮಂಜೂರು ಮಾಡುತ್ತೇನೆ. ಏಳು ಸಾಲು, ಒಟ್ಟು 1,10,000, ಸಂಬಳದ ಪಟ್ಟಿಯಲ್ಲೂ ಅಷ್ಟೇ. ಮಂಜೂರು ಮಾಡಿದ ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಏಳೂ ಸಾಲುಗಳ ಮುಂದೆ ಯಶಸ್ವಿ ಎಂದು ಬಂತು. ಸಂಜೆ ಪ್ಯಾಕಿಂಗ್ ನೋಡಿಕೊಳ್ಳುವ ಹೆಂಗಸು ಬಾಗಿಲಲ್ಲಿ ನಿಂತು, “ಹೆಗಡೇರೇ, ಎಲ್ರಿಗೂ ಮೆಸೇಜ್ ಬಂತಂತೆ, ನಂಗೊಬ್ಳಿಗೇ ಬರ್ಲಿಲ್ಲ” ಎಂದಳು. ಸಂಬಳದ ದಿನ ಇದಕ್ಕಿಂತ ಸಂಕಟದ ಮಾತು ಬೇರೆ ಇಲ್ಲ.

ಪರದೆಯ ಮೇಲಿನ ಯಶಸ್ವಿ ಎಂಬುದು ನಮ್ಮ ಬ್ಯಾಂಕು ಹಣ ಕಳಿಸಿತು ಎಂಬುದನ್ನಷ್ಟೇ ಹೇಳುತ್ತದೆ, ಆ ಕಡೆಯ ಖಾತೆಗೆ ಜಮೆಯಾಯಿತು ಎಂದಲ್ಲ. ನೆಫ್ಟ್ 2019ರ ಡಿಸೆಂಬರಿನಿಂದ ಹಗಲೂ ರಾತ್ರಿ, ಅರ್ಧ ಗಂಟೆಗೊಂದು ಕಂತಿನಂತೆ ನಡೆಯುತ್ತದೆ. ಪಡೆಯುವ ಬ್ಯಾಂಕಿಗೆ ಜಮೆ ಮಾಡಲಾಗದಿದ್ದರೆ ಕಂತು ಮುಗಿದ ಎರಡು ಗಂಟೆಯೊಳಗೆ ಹಣ ಹಿಂದಿರುಗಿಸಬೇಕು. ಅದರಂತೆ ನಮ್ಮ ಖಾತೆಯ ವಿವರಪಟ್ಟಿಯಲ್ಲಿ 1,10,000 ಖರ್ಚಿನ ಕೆಳಗೆ 14,000 ಜಮೆ ಕಾಣಿಸಿಕೊಂಡಿತ್ತು. ಅಂಥ ಖಾತೆ ಇಲ್ಲ ಎಂಬ ಕಾರಣವೂ ಅದರ ಜೊತೆಗಿತ್ತು.

“ಪಾಸ್‌ಬುಕ್ ತಗೊಂಡ್ ಬಾ ಮಾರಾಯ್ತಿ” ಎಂದೆ. ಅವಳದು ಹಳೆಯ ಖಾತೆ, ಸೊನ್ನೆಯಿಂದ ಶುರುವಾಗುವ 13 ಅಂಕಿಯದು. ನಮ್ಮ ನೌಕರರ ಮೂಲ ಪಟ್ಟಿಯಲ್ಲಿ ಅದು ಸರಿಯಾಗಿಯೇ ಇತ್ತು, ಬ್ಯಾಂಕಿಗೆ ಏರಿಸಿದ ಕಡತದಲ್ಲಿ ಇರಲಿಲ್ಲ. ಸಂಖ್ಯೆಗಳನ್ನು ಬದಲಿಸಿ ತೋರಿಸುವುದಾದರೆ ಮೊದಲನೆಯದು ಪಟ್ಟಿಯಲ್ಲಿದ್ದದ್ದು, ಕೊನೆಯದು ಬ್ಯಾಂಕಿಗೆ ಹೋದದ್ದು:

```
0123456789012
1.23457E+11
123456789012
```

ಮೂಲ ಪಟ್ಟಿಯಲ್ಲಿ ಖಾತೆ ಸಂಖ್ಯೆಯ ಕಾಲಂ ಅಕ್ಷರರೂಪದಲ್ಲಿದ್ದುದರಿಂದ ಅದರಿಂದ ಬ್ಯಾಂಕಿಗೆಂದು ತೆಗೆದ ಸಿಎಸ್‌ವಿ ಕಡತವೂ ಸರಿಯಾಗಿತ್ತು. ಮುಂಗಡದ ಮೊತ್ತ ತಿದ್ದುವುದಕ್ಕೆಂದು ಆ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ, ಎಕ್ಸೆಲ್ ಖಾತೆ ಸಂಖ್ಯೆಯನ್ನು ಬರಿಯ ಸಂಖ್ಯೆಯೆಂದು ಓದಿ ಮುಂದಿನ ಸೊನ್ನೆಯನ್ನು ಕಿತ್ತುಹಾಕಿತು, ಉಳಿದದ್ದು ಉದ್ದವಾಯಿತೆಂದು ಎರಡನೆಯ ಸಾಲಿನ ರೂಪದಲ್ಲಿ ಮಡಚಿ ತೋರಿಸಿತು. ಕಾಲಂ ಸಾಕಷ್ಟು ಅಗಲವಿದ್ದರೆ ಸ್ಟೇಟ್ ಬ್ಯಾಂಕಿನ 11 ಅಂಕಿಯ ಖಾತೆಗಳು ಮಡಚಿಕೊಳ್ಳದೆ ಹಾಗೆಯೇ ಕಾಣುತ್ತವೆ, ಅದರಿಂದ ಅನುಮಾನವೂ ಕಡಿಮೆ. ಹುಡುಗ ಆ E ಅಕ್ಷರವನ್ನು ಕಂಡು ಕಾಲಂ ಅನ್ನು ದಶಮಾಂಶವಿಲ್ಲದ ಸಂಖ್ಯೆಯ ರೂಪಕ್ಕೆ ಬದಲಿಸಿದ. ಅಂಕಿಗಳೆಲ್ಲ ಮರಳಿ ಬಂದವು, ಸೊನ್ನೆ ಮಾತ್ರ ಬರಲಿಲ್ಲ. E ಹಾಗೆಯೇ ಉಳಿದಿದ್ದರೆ ಬ್ಯಾಂಕಿನ ತಂತ್ರಾಂಶವೇ ಅದನ್ನು ತಡೆಯುತ್ತಿತ್ತು; ಚಂದ ಮಾಡಿದ್ದರಿಂದಲೇ ಅದು ದಾಟಿಹೋಯಿತು. ಬೇರೆ ಬ್ಯಾಂಕಿನ ಖಾತೆಗೆ ಎಷ್ಟು ಅಂಕಿ ಇರಬೇಕೆಂದು ನಮ್ಮ ಬ್ಯಾಂಕು ನೋಡಲಿಲ್ಲ. ಸಂಖ್ಯೆ 16 ಅಂಕಿಯದಾದರೆ ಇನ್ನೂ ಕೆಟ್ಟದ್ದು: ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ನಿಖರ, ಹದಿನಾರನೆಯದನ್ನು ಸೊನ್ನೆ ಮಾಡುತ್ತದೆ.

ನಮ್ಮ ಪುಣ್ಯಕ್ಕೆ ಆ ಸಂಖ್ಯೆಯ ಖಾತೆ ಯಾರದೂ ಆಗಿರಲಿಲ್ಲ. ನೆಫ್ಟ್‌ನಲ್ಲಿ ಜಮೆಯಾಗುವುದು ಖಾತೆ ಸಂಖ್ಯೆಯನ್ನು ನೋಡಿ, ಕಡತದಲ್ಲಿ ಬರೆದ ಹೆಸರನ್ನು ನೋಡಿ ಅಲ್ಲ. ತಪ್ಪು ಸಂಖ್ಯೆ ಇನ್ಯಾರದೋ ಆಗಿದ್ದರೆ ಹಣ ತಾನಾಗಿ ಹಿಂದಿರುಗುವ ಪ್ರಶ್ನೆಯೇ ಇರುತ್ತಿರಲಿಲ್ಲ. ಹೊಸ ಖಾತೆ ಸೇರಿಸುವಾಗ ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯ 2025ರಲ್ಲಿ ನೆಫ್ಟ್‌ಗೂ ಬಂದಿದೆ. ಅದನ್ನು ಬಳಸುತ್ತೇವೆ, ಜೊತೆಗೆ ಒಂದು ರೂಪಾಯಿ ಕಳಿಸಿ ಪಾಸ್‌ಬುಕ್ಕಿನಲ್ಲಿ ಬಂದದ್ದನ್ನೂ ನೋಡುತ್ತೇವೆ.

ಹಣವನ್ನು ಅಂದೇ ಸರಿಯಾದ ಸಂಖ್ಯೆಗೆ ಮತ್ತೆ ಕಳಿಸಿದೆವು. ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಮುಟ್ಟಬೇಕೆಂಬ ಕಾನೂನಿನ ಗಡುವಿಗೆ ಇನ್ನೂ ಸಮಯವಿತ್ತು. ತಲೆಬಿಸಿಯಾದದ್ದು ಲೆಕ್ಕದ ಪುಸ್ತಕ. ಹುಡುಗ ಹಿಂದಿರುಗಿದ 14,000ವನ್ನು ಇತರೆ ಆದಾಯವೆಂದೂ ಎರಡನೆಯ ಸಲ ಕಳಿಸಿದ್ದನ್ನು ಸಂಬಳವೆಂದೂ ಬರೆಯಹೊರಟಿದ್ದ. ಹಾಗೆ ಬರೆದಿದ್ದರೆ ಆ ತಿಂಗಳ ಸಂಬಳದ ಖರ್ಚು 14,000 ಹೆಚ್ಚಾಗಿ, ಇಲ್ಲದ ಆದಾಯವೂ ಅಷ್ಟೇ ಹುಟ್ಟುತ್ತಿತ್ತು. ನಾವು ತಿಂಗಳ ಕೊನೆಯ ದಿನವೇ 1,15,000ವನ್ನು ಸಂಬಳದ ಖರ್ಚಿಗೆ ಬರೆದು ‘ಕೊಡಬೇಕಾದ ಸಂಬಳ’ ಎಂಬ ಖಾತೆಯಲ್ಲಿ ಬಾಕಿ ನಿಲ್ಲಿಸುತ್ತೇವೆ. ಮುಂಗಡದ 5,000 ಮತ್ತು ಬ್ಯಾಂಕಿನಿಂದ ಹೋದ 1,10,000 ಆ ಬಾಕಿಯನ್ನು ಶೂನ್ಯ ಮಾಡುತ್ತವೆ. ಹಿಂದಿರುಗಿದ 14,000 ಅದೇ ಖಾತೆಗೆ ಮರಳಿ ಬಾಕಿಯಾಗುತ್ತದೆ, ಮತ್ತೆ ಕಳಿಸಿದಾಗ ತೀರುತ್ತದೆ. ಖರ್ಚಿನ ಖಾತೆಯನ್ನು ಮುಟ್ಟುವ ಕೆಲಸವೇ ಬರುವುದಿಲ್ಲ. ತಿಂಗಳ ಮಧ್ಯದಲ್ಲಿ ಈ ಖಾತೆಯಲ್ಲಿ ಏನಾದರೂ ಉಳಿದಿದ್ದರೆ ಯಾರಿಗೋ ಸಂಬಳ ಮುಟ್ಟಿಲ್ಲ ಎಂದರ್ಥ.

ನಮ್ಮ ಬ್ಯಾಂಕು ಖಾತೆಯ ವಿವರಪಟ್ಟಿಯಲ್ಲಿ ಏಳು ಸಾಲುಗಳ ಬದಲಿಗೆ ಒಟ್ಟು ಮೊತ್ತವನ್ನು ಒಂದೇ ಸಾಲಿನಲ್ಲಿ ಖರ್ಚು ತೋರಿಸುತ್ತದೆ. ಯಾರಿಗೆ ಎಷ್ಟು ಹೋಯಿತೆಂಬುದಕ್ಕೆ ಆ ಪಟ್ಟಿಯೊಂದೇ ಸಾಲದು. ಆದ್ದರಿಂದ ತಿಂಗಳಿಗೊಂದು ಫೋಲ್ಡರಿನಲ್ಲಿ ಸಂಬಳದ ಪಟ್ಟಿ, ಬ್ಯಾಂಕಿಗೆ ಏರಿಸಿದ ಅದೇ ಸಿಎಸ್‌ವಿ, ಪ್ರತಿ ಸಾಲಿನ ವರ್ಗಾವಣೆಯನ್ನು ಗುರುತಿಸುವ ಯುಟಿಆರ್ ಸಂಖ್ಯೆಯಿರುವ, ಬ್ಯಾಂಕು ಮರಳಿ ಕೊಡುವ ಕಡತ ಮತ್ತು ಒಂದು ದಿನ ಬಿಟ್ಟು ತೆಗೆದ ಖಾತೆಯ ವಿವರಪಟ್ಟಿಯನ್ನು ಇಡುತ್ತೇವೆ. ಸಂಬಳ ಬರಲಿಲ್ಲ ಎಂದವರಿಗೆ ಆ ಯುಟಿಆರ್ ಬರೆದುಕೊಟ್ಟರೆ ಅವರ ಬ್ಯಾಂಕು ಅದರಿಂದಲೇ ಹುಡುಕುತ್ತದೆ.

ಈಗ ಸಿಎಸ್‌ವಿಯಲ್ಲಿ ನೇರವಾಗಿ ಏನನ್ನೂ ತಿದ್ದುವುದಿಲ್ಲ. ಮೂಲ ಪಟ್ಟಿಯಲ್ಲಿ ತಿದ್ದಿ ಹೊಸದಾಗಿ ತೆಗೆಯುತ್ತೇವೆ. ತೆಗೆದದ್ದನ್ನು ನೋಡಬೇಕಾದರೆ ನೋಟ್‌ಪ್ಯಾಡ್‌ನಲ್ಲಿ ನೋಡುತ್ತೇವೆ. ಮೂಲ ಪಟ್ಟಿಯಲ್ಲಿ ಖಾತೆ ಸಂಖ್ಯೆಯ ಪಕ್ಕ ಅದರ ಅಂಕಿಗಳನ್ನು ಎಣಿಸುವ `=LEN(D2)` ಎಂಬ ಕಾಲಂ ಇದೆ, ಅದರ ಪಕ್ಕ ಪಾಸ್‌ಬುಕ್ ನೋಡಿ ಕೈಯಿಂದ ಬರೆದ ಅಂಕಿಗಳ ಎಣಿಕೆ. ನಾನು ಓಟಿಪಿ ಕೊಡುವ ಮುನ್ನ ಒಟ್ಟು ಮೊತ್ತದ ಜೊತೆಗೆ ಸೊನ್ನೆಯಿಂದ ಶುರುವಾಗುವ ಆ ಒಂದು ಸಾಲನ್ನೂ ಬ್ಯಾಂಕಿನ ಪರದೆಯ ಮೇಲೆ ತೆರೆದು ಓದುತ್ತೇನೆ. ಹುಡುಗನಿಗೆ ಇದು ಅತಿಯೆನಿಸುತ್ತದೆ.