ಆ ನಾಲ್ಕು ಜನರ ಹೆಸರು ಬರೆದುಕೊಡಿ

"ಅಕ್ಕಾ, ನಿಮ್ಮದು ಲವ್ ಮ್ಯಾರೇಜ್ ಅಲ್ವಾ? ಮನೆಯಲ್ಲಿ ಹೆಂಗೆ ಒಪ್ಪಿಸಿದ್ರಿ? ನಮ್ಮಪ್ಪ ಅಮ್ಮಂಗೆ ಹುಡುಗನ ಮೇಲೆ ಏನೂ ಇಲ್ಲ, ಆದ್ರೆ ನಾಲ್ಕು ಜನ ಏನಂತಾರೋ ಅಂತ ಭಯ."

ಈ "ಒಪ್ಪಿಸೋದು" ಅನ್ನೋ ಮಾತೇ ನನಗೆ ಆಗಿಬರುವುದಿಲ್ಲ. ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದೆವು. ತಪ್ಪಿಲ್ಲದೆ ಹೇಳಿದರೆ ಮೇಷ್ಟ್ರು ಕೂರು ಅನ್ನುತ್ತಿದ್ದರು. ಕೇಳುವವರಿಗೆ ನನ್ನಿಂದ ಬೇಕಾಗಿರುವುದೂ ಅಂಥದ್ದೇ ಒಂದು ಮಗ್ಗಿ. ಇದನ್ನು ಹೇಳು, ಅಪ್ಪ ಹೂಂ ಅಂತಾರೆ, ಆಮೇಲೆ ಕೂತ್ಕೋ.

ನನ್ನ ಹತ್ತಿರವೂ ಒಂದು ಮಗ್ಗಿ ಇತ್ತು. ಅವನ ಓದು, ಕೆಲಸ, ಸಂಬಳ, ಸಿಗರೇಟು ಮುಟ್ಟಲ್ಲ, ತಂಗಿ ಮದುವೆ ತಾನೇ ನಿಂತು ಮಾಡಿದ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಹುಡುಗ ಒಳ್ಳೆಯವನೇ ಇರಬಹುದು. ನಿನ್ನ ದೊಡ್ಡಪ್ಪಂಗೆ ನಾನು ಏನಂತ ಹೇಳಲಿ?"

ಎರಡು ವಾಕ್ಯ. ಒಂಬತ್ತು ತಿಂಗಳು ನಾನು ಮೊದಲನೆಯದಕ್ಕೇ ಉತ್ತರ ಕೊಡುತ್ತಾ ಹೋದೆ. ಹುಡುಗ ಇನ್ನೂ ಎಷ್ಟು ಒಳ್ಳೆಯವನು ಅಂತ. ಎರಡನೆಯದು ಬರೀ ನೆಪ ಅಂದುಕೊಂಡಿದ್ದೆ. ಅದು ನೆಪ ಆಗಿರಲಿಲ್ಲ. ಅಪ್ಪನಿಗೆ ನಿಜವಾಗಿಯೂ ಏನು ಹೇಳಬೇಕು ಅಂತ ಗೊತ್ತಿರಲಿಲ್ಲ.

ಇದಕ್ಕೂ ಮೊದಲು ಮಾಡಿದ ದೊಡ್ಡ ತಪ್ಪು ಹೇಳಿಬಿಡುತ್ತೇನೆ, ಏಕೆಂದರೆ ನೀವೂ ಅದನ್ನೇ ಮಾಡುತ್ತಿದ್ದೀರಿ. ಮೊದಲು ಅಮ್ಮನಿಗೆ ಮಾತ್ರ ಹೇಳಿ, "ಅಪ್ಪಂಗೆ ಈಗಲೇ ಬೇಡ" ಅಂದೆ. ಅಮ್ಮ ನಾಲ್ಕು ತಿಂಗಳು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ನಮ್ಮಿಬ್ಬರನ್ನು ಬಸ್ ಸ್ಟಾಪಿನಲ್ಲಿ ನೋಡಿದ ನೆಂಟರೊಬ್ಬರು ಅಪ್ಪನಿಗೆ ಫೋನ್ ಮಾಡಿ, "ಏನು ವಿಶೇಷ?" ಅಂದರು. ಅಪ್ಪನಿಗೆ ಉರಿದದ್ದು ನಾನು ಪ್ರೀತಿಸಿದ್ದಕ್ಕಲ್ಲ. ಹೊರಗಿನವರ ಬಾಯಲ್ಲಿ ಕೇಳಬೇಕಾಯಿತಲ್ಲ, ಹೆಂಡತಿಗೂ ಗೊತ್ತಿತ್ತಲ್ಲ ಅನ್ನುವುದಕ್ಕೆ. ಗುಟ್ಟು ಜಾಸ್ತಿ ದಿನ ಉಳಿದಷ್ಟೂ ಆಡಿಕೊಳ್ಳುವವರಿಗೆ ಸುಗ್ಗಿ. ಮನೆಯವರೇ ಹೇಳಿದ ಸುದ್ದಿಯಲ್ಲಿ ಅವರಿಗೆ ಹುಡುಕಲು ಏನೂ ಇರುವುದಿಲ್ಲ.

ಕೊನೆಗೆ ಒಂದು ರಾತ್ರಿ ಅಮ್ಮ "ನಾಲ್ಕು ಜನ ಏನಂತಾರೆ" ಅಂದಾಗ ನನಗೆ ರೇಗಿಹೋಯಿತು. ಹಳೆಯ ಕರೆಂಟ್ ಬಿಲ್ಲಿನ ಹಿಂಬದಿ ತಿರುಗಿಸಿ, ಪೆನ್ನು ಕೈಗಿಟ್ಟು, "ಯಾರು ಆ ನಾಲ್ಕು ಜನ? ಹೆಸರು ಬರಿ" ಅಂದೆ. ಜಗಳಕ್ಕೇ ಅಂದದ್ದು. ಅಮ್ಮ ನಿಜಕ್ಕೂ ಬರೆಯಲು ಕೂತರು. ದೊಡ್ಡಪ್ಪ. ಸೋದರತ್ತೆ. ಪಕ್ಕದ ಮನೆಯವರು, ಆದರೆ ಬರೆದು ತಾವೇ ಹೊಡೆದು ಹಾಕಿದರು: "ಅವರ ಮನೇದೇ ಅವರಿಗೆ ಹಾಸಿ ಹೊದೆಯೋಷ್ಟಿದೆ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಸರಿನ ಬದಲು "ಪುಟ್ಟಿ ಮದುವೆ" ಅಂತ ಬರೆದರು. ಪುಟ್ಟಿ ಅಂದರೆ ನನ್ನ ತಂಗಿ.

ಅಲ್ಲಿಗೆ ಊರಿಗೆ ಊರೇ ಅನ್ನುವ ಭೂತ ಇಳಿದು, ಎರಡು ಜನ ಮತ್ತು ಒಂದು ಕೆಲಸ ಉಳಿಯಿತು. ನಿಮ್ಮ ಮನೆಯಲ್ಲೂ ಬರೆಸಿ ನೋಡಿ. ಆದರೆ ನನ್ನ ಹಾಗೆ ಕಿರುಚಬೇಡಿ.

ದೊಡ್ಡಪ್ಪನ ವಿಷಯಕ್ಕೆ ಬರುತ್ತೇನೆ. ಅಪ್ಪ ಅವರ ಮುಂದೆ ಏನು ಹೇಳಬೇಕೆಂದು ಇಟ್ಟುಕೊಂಡಿದ್ದರು ಗೊತ್ತಾ? "ಏನ್ ಮಾಡೋದಣ್ಣ, ಹುಡುಗಿ ಹಠ ಹಿಡಿದುಬಿಟ್ಟಳು." ಈ ಮಾತು ಬಹಳ ಮನೆಗಳನ್ನು ಕೆಡಿಸಿದೆ. ಹೇಳುವವರಿಗೆ ಇದು ತಪ್ಪಿಸಿಕೊಳ್ಳುವ ದಾರಿ. ಕೇಳುವವರಿಗೆ ಇದು ಬಾಗಿಲು ತೆರೆದಿಟ್ಟ ಹಾಗೆ. "ಅಯ್ಯೋ ಪಾಪ" ಅನ್ನುತ್ತಾ ಒಳಗೆ ಬರುತ್ತಾರೆ, ಬುದ್ಧಿ ಹೇಳುತ್ತಾರೆ, ಇನ್ನೊಂದು ಸಂಬಂಧ ತೋರಿಸುತ್ತಾರೆ, ಹೊರಗೆ ಹೋಗಿ "ಪಾಪ, ಅವನ ಮಾತು ಮಗಳೇ ಕೇಳಲ್ಲ" ಅನ್ನುತ್ತಾರೆ. ನಾವು ಮೂರು ಜನ ಕೂತು ಬೇರೆ ಮಾತು ಹುಡುಕಿದೆವು. ಅದು ಅಪ್ಪನ ಬಾಯಲ್ಲಿ ಸುಳ್ಳು ಅನ್ನಿಸಬಾರದಿತ್ತು. ಅದಕ್ಕೇ ಅಪ್ಪ ಮೊದಲು ಹುಡುಗನ ಮನೆಗೆ ಹೋಗಿ ಬಂದರು. ಆಮೇಲೆ ದೊಡ್ಡಪ್ಪನಿಗೆ ಹೇಳಿದ್ದು: "ಅಣ್ಣ, ಮಗಳು ಒಬ್ಬ ಹುಡುಗನನ್ನ ನೋಡಿದ್ದಾಳೆ. ನಾನು ಅವರ ಮನೆಗೆ ಹೋಗಿ ಬಂದೆ. ನನಗೆ ಸರಿ ಅನ್ನಿಸಿತು. ಬೇರೆಯವರಿಗೆ ಗೊತ್ತಾಗೋ ಮುಂಚೆ ನಿನಗೇ ಹೇಳೋಣ ಅಂತ ಬಂದೆ."

ಫೋನಿನಲ್ಲಿ ಅಲ್ಲ, ಮನೆಗೇ ಹೋಗಿ. ನಾನು ಜೊತೆಗೆ ಹೋಗಲಿಲ್ಲ, ಅದೂ ಬೇಕೆಂದೇ. ದೊಡ್ಡಪ್ಪ ಮುಕ್ಕಾಲು ಗಂಟೆ ಕೂಗಾಡಿದರಂತೆ. ಕೊನೆಗೆ ಕೇಳಿದ್ದು ಒಂದೇ: "ತಂಗಿಗೆ ಹೇಳಿದ್ಯಾ?" ಇಲ್ಲ ಅಂದಾಗ ಸ್ವಲ್ಪ ತಣ್ಣಗಾದರಂತೆ. ಮೊದಲು ತಮಗೇ ಹೇಳಿದ್ದಾರೆ ಅನ್ನುವುದು ಅವರಿಗೆ ಮುಖ್ಯವಾಗಿತ್ತು. ಸೋದರತ್ತೆಗೆ ಆಮೇಲೆ ದೊಡ್ಡಪ್ಪನೇ ಹೇಳಿದರು. ಅತ್ತೆ ಇವತ್ತಿಗೂ ಒಪ್ಪಿಲ್ಲ. ಮದುವೆಗೆ ಬಂದರು, ಊಟ ಮಾಡಿದರು, ಒಪ್ಪಲಿಲ್ಲ. ನಡೆಯುತ್ತೆ.

ಪುಟ್ಟಿ ಮದುವೆಯದು ಮಾತ್ರ ಮಾತಿನಲ್ಲಿ ಮುಗಿಯುವಂಥದ್ದಲ್ಲ. "ಈ ಕಾಲದಲ್ಲಿ ಅದೆಲ್ಲ ಯಾರು ನೋಡ್ತಾರೆ" ಅಂತ ನಾನು ಹೇಳಿದ್ದೆ. ನೋಡುತ್ತಾರೆ. ನನ್ನ ಮದುವೆಯಾದ ಮೇಲೆ ಅವಳಿಗೆ ಬಂದ ಒಂದು ಸಂಬಂಧ ಅದೇ ಕಾರಣಕ್ಕೆ ತಪ್ಪಿತು. ಅಮ್ಮನ ಭಯದಲ್ಲಿ ಅಷ್ಟು ನಿಜ ಇತ್ತು. ನಾವು ಮಾಡಿದ ಒಳ್ಳೆಯ ಕೆಲಸ ಅಂದರೆ ಪುಟ್ಟಿಯನ್ನೇ ಕೂರಿಸಿ ಮೊದಲೇ ಕೇಳಿದ್ದು. ಅವಳು, "ಅಕ್ಕನ ಮದುವೆ ನೋಡಿ ಬೇಡ ಅನ್ನೋರು ನನಗೂ ಬೇಡ" ಅಂದಳು. ಸಂಬಂಧ ತಪ್ಪಿದ ದಿನ ಅತ್ತಳು ಕೂಡ. ಎರಡೂ ಅವಳೇ.

ಇನ್ನೊಂದು ಮಾತು. ಮನೆಯಲ್ಲಿ ಕೂಡಿ ಹಾಕುವುದು, ಫೋನ್ ಕಿತ್ತುಕೊಳ್ಳುವುದು, ಹೊಡೆಯುವುದು, ರಾತ್ರೋರಾತ್ರಿ ಬೇರೆ ಕಡೆ ನಿಶ್ಚಯ ಮಾಡುವುದು ನಡೆದಿದ್ದರೆ, ನಾನು ಹೇಳಿದ್ದು ನಿಮಗಲ್ಲ. ಪಟ್ಟಿ ಬರೆಸುತ್ತಾ ಕೂರಬೇಡಿ. ಹುಡುಗನಿಗೆ 21, ಹುಡುಗಿಗೆ 18 ತುಂಬಿದ್ದರೆ, ಇಬ್ಬರಿಗೂ ಇಷ್ಟವಿದ್ದರೆ, ಮದುವೆಗೆ ಮನೆಯವರ ಒಪ್ಪಿಗೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಅಪಾಯ ಇದ್ದರೆ 112, ಹೆಣ್ಣುಮಕ್ಕಳಿಗೆ 181. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಗುಟ್ಟಾಗಿ ರಿಜಿಸ್ಟರ್ ಮಾಡಿಸುತ್ತೇವೆ ಅನ್ನುವವರಿಗೂ ಒಂದು ಕಿವಿಮಾತು: ನಿಮ್ಮ ನೋಟಿಸ್ ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ, ಆಕ್ಷೇಪಣೆಗೆ 30 ದಿನ ಇರುತ್ತದೆ. ಅದು ಗುಟ್ಟಾಗಿ ಉಳಿಯುತ್ತೆ ಅಂತ ನಂಬಿಕೊಂಡು ಹೋಗಬೇಡಿ.

ಎಲ್ಲರೂ ಹೆಂಗೆ ಒಪ್ಪಿಸಿದ್ರಿ ಅಂತಲೇ ಕೇಳುತ್ತೀರಿ. ಒಪ್ಪಿದ ಮೇಲೆ ನಿಮ್ಮಮ್ಮ ಹೆಂಗಿದ್ರು ಅಂತ ಒಬ್ಬರೂ ಕೇಳಿಲ್ಲ. ಮದುವೆಯಾಗಿ ನಾವು ಬೇರೆ ಊರಿಗೆ ಹೋಗಿಬಿಟ್ಟೆವು. ಮಾತು ಕೇಳಲು ಉಳಿದವರು ಅವರು. ಆಮೇಲಿನ ಮೊದಲ ಮದುವೆಮನೆಗೆ ಅಮ್ಮ ಒಬ್ಬರೇ ಹೋಗಿ, ಊಟಕ್ಕೂ ಕೂರದೆ ವಾಪಸ್ ಬಂದರಂತೆ. ನನಗೆ ಅದು ಗೊತ್ತಾಗಿದ್ದೇ ತಿಂಗಳಾದ ಮೇಲೆ, ಪುಟ್ಟಿಯಿಂದ. ಮುಂದಿನ ಮೂರು ಸಮಾರಂಭಕ್ಕೆ ನಾನೂ ಗಂಡನೂ ರಜೆ ಹಾಕಿ ಹೋದೆವು. ಅಮ್ಮನ ಎರಡು ಪಕ್ಕ ಕೂತೆವು, ಅಷ್ಟೇ. ಅಳಿಯ ಎದುರಿಗೇ ಕೂತಿದ್ದರೆ ಜನ ಅವನ ಬಗ್ಗೆ ಕೇಳುವುದು ಕಷ್ಟ. "ಏನಪ್ಪಾ, ಎಲ್ಲಿ ಕೆಲಸ" ಅಂತ ಅವನನ್ನೇ ಕೇಳಬೇಕಾಗುತ್ತದೆ. ಮೂರನೇ ಸಲ ಅಮ್ಮನೇ ಕರೆದು ಕರೆದು ಪರಿಚಯ ಮಾಡಿಸಿದರು.

ಹೋದ ತಿಂಗಳು ಅಮ್ಮ ಫೋನ್ ಮಾಡಿ, ದನಿ ತಗ್ಗಿಸಿ, "ಕೊನೆ ಮನೆ ಹುಡುಗಿದೂ ಲವ್ ಅಂತೆ ಕಣೇ" ಅಂದರು.

"ಅಮ್ಮಾ! ನೀನು ಯಾರ ಹತ್ರನಾದ್ರೂ ಏನಾದ್ರೂ ಅಂದ್ಯಾ?"

"ನಾನ್ಯಾಕೆ ಅನ್ನಲಿ? ಹುಡುಗ ಏನ್ ಕೆಲಸದಲ್ಲಿದಾನೆ ಅಂತ ಕೇಳ್ದೆ, ಅಷ್ಟೇ."