ಮೇಲ್ ಹಾಕಿದ್ರ ತಾನಾಗೇ ಬರ್ತಾವ್ರೀ ಅಂದ ಹುಡುಗ

ಈ ವಾರ ಬಾಗಲಕೋಟಿ ನವನಗರದಾಗ ನಮ್ಮ ಕಾಕಾನ ಆನ್‌ಲೈನ್ ಸೆಂಟರಿಗೆ ಹೊಸ ಕಂಪ್ಯೂಟರ್ ಬಂತು. ತಂದ್ಕೊಟ್ಟ ಅಂಗಡಿ ಹುಡುಗ ಹಳೇದರ ವಾಯರ್ ಬಿಚ್ಚಾಕತ್ತಿದ್ದ, ಕಾಕಾ ಕೇಳಿದ್ರು, "ತಮ್ಮಾ, ನನ್ನ ಬುಕ್‌ಮಾರ್ಕ್ ಹೆಂಗ್ ಬರ್ತಾವೋ?" ಅಂವ ತಲಿ ಎತ್ತಲಾರದ ಅಂದ, "ಮೇಲ್ ಹಾಕಿದ್ರ ತಾನಾಗೇ ಬರ್ತಾವ್ರೀ."

ಆ "ತಾನಾಗೇ" ಇನ್ನೂ ನನ್ನ ಕಿವ್ಯಾಗ ಐತಿ. ಹುಡುಗ ಕೆಟ್ಟಾಂವ ಅಲ್ಲ, ಆದ್ರ ಯಾರ್ ಮೇಲ್, ಯಾವ್ ಪ್ರೊಫೈಲ್ ಅಂತ ಒಂದ್ ಮಾತ್ ಕೇಳ್ಬೇಕಿತ್ತಲ್ಲ. ನಾ ಅಲ್ಲೇ ಕುಂತಿದ್ನಿ, ವಾಯರ್ ತಿರಗಾ ಹಾಕಿಸಿ ಕ್ರೋಮ್ ತಗದು ನೋಡಿದ್ರ ಪ್ರೊಫೈಲ್ ಎರಡ್ ಅದಾವ. ಒಂದು ನನ್ನ ತಂಗೀದು, ಅಕಿ ಮೇಲ್‌ದಿಂದ ಸೈನ್ ಇನ್ ಆಗೇತಿ, ಅದ್ರಾಗ ಇರೋದು ಎಕ್ಸಾಮ್ ರಿಸಲ್ಟು, ಬ್ಲೌಸ್ ಡಿಸೈನು. ಕಾಕಾ ದಿನಾ ಕೆಲಸ ಮಾಡೋದು ಇನ್ನೊಂದರಾಗ, ಅದಕ್ಕ ಯಾವ ಮೇಲೂ ಹಾಕಿಲ್ಲ, ಮ್ಯಾಲೆ ಬಲಗಡೆ ಗುಂಡ್ನಾಗ ಬರೇ ಬೂದು ಬಣ್ಣದ ತಲಿ ಚಿತ್ರ. ಅಂದ್ರ ಅಲ್ಲಿದ್ದ ಪಹಣಿ, ಬೆಳೆ ವಿಮೆ, ಸೇವಾ ಸಿಂಧು ಎಲ್ಲಾ ಆ ಒಂದ್ ಡಬ್ಬಿಯಾಗ ಮಾತ್ರ ಇದ್ವು. ಹೊಸದರಾಗ ಮೇಲ್ ಹಾಕಿದ್ರ ಬ್ಲೌಸ್ ಡಿಸೈನ್ ಬರ್ತಿದ್ವು, ಪಹಣಿ ಬರ್ತಿದ್ದಿಲ್ಲ.

ಕಾಕಾನ ಫೋಲ್ಡರ್ ನೋಡಿ ನಗು ಬಂತು, ಆಮ್ಯಾಲೆ ಶಾಣ್ಯಾ ಅದಾರ ಅನಿಸ್ತು. ನಾವಾದ್ರ ಕಂದಾಯ, ಕೃಷಿ ಅಂತ ಇಲಾಖೆ ಹೆಸರು ಇಡ್ತೀವಿ, ಇವರದು "ರೈತರು", "ಪಿಂಚಣಿ ಅಜ್ಜಿಗಳು", "ಕಾಲೇಜ್ ಹುಡುಗ್ರು". ಮುಂದ ಬಂದ್ ನಿಂತಾರ ಯಾರು ಅಂತ ನೋಡಿ ಫೋಲ್ಡರ್ ತಗೀತಾರ, ಯಾವ ಇಲಾಖೆ ಅಂತ ತಲಿ ಕೆರಕೋಳೋ ಕೆಲಸ ಇಲ್ಲ.

ಎಕ್ಸ್‌ಪೋರ್ಟ್ ಮಾಡೋದೇನ್ ದೊಡ್ಡ ಕೆಲಸ ಅಲ್ಲ. ಕಾಕಾನ ಪ್ರೊಫೈಲ್ ವಿಂಡೋದಾಗೇ Ctrl+Shift+O ಒತ್ತಿದ್ರ ಬುಕ್‌ಮಾರ್ಕ್ ಮ್ಯಾನೇಜರ್ ಬರ್ತೈತಿ, ಹುಡುಕೋ ಪಟ್ಟಿ ಬಲಕ್ಕ ಮೂರ್ ಚುಕ್ಕಿ, ಅದ್ರಾಗ Export bookmarks. ಒಂದ್ html ಫೈಲ್ ಬರ್ತೈತಿ. ಬಂದಿದ್ದು ಸರಿ ಐತೋ ಇಲ್ಲೋ ನೋಡಾಕ ಅದರ ಮ್ಯಾಲೆ ಡಬಲ್ ಕ್ಲಿಕ್ ಮಾಡಿ, ಫೋಲ್ಡರ್ ಹೆಸರು ದಪ್ಪಗ, ಕೆಳಗ ನೀಲಿ ಲಿಂಕ್ ಸಾಲಾಗಿ ಕಾಣ್ತಾವ. ನಾ ಕಡೀ ಫೋಲ್ಡರ್ "ಕಾಲೇಜ್ ಹುಡುಗ್ರು" ತನಕ ಇಳಿದು ನೋಡೇ ಪೆನ್‌ಡ್ರೈವಿಗೆ ಹಾಕಿದ್ನಿ. ಒಂದ್ ಪ್ರೊಫೈಲಿಗೆ ಒಂದ್ ಫೈಲ್, ತಂಗೀದು ಬೇಕಂದ್ರ ಅಕಿ ವಿಂಡೋದಾಗ ಹೋಗಿ ಬ್ಯಾರೆ ತಗೀಬೇಕು. ಪಾಸ್‌ವರ್ಡ್ ಈ ಫೈಲಿನಾಗ ಬರಂಗಿಲ್ಲ. ಕಾಕಾ ಅವನ್ನ ರಿಜಿಸ್ಟರ್ ಹಿಂದಿನ ಹಾಳ್ಯಾಗ ಬರದಿಟ್ಟಾರ, ಆ ಸುದ್ದಿ ಬ್ಯಾಡ ಬಿಡ್ರಿ.

ಹೊಸದರಾಗ ಕಾಕಾಗ ಅವರದ ಮೇಲ್ ಹಾಕಿ ಪ್ರೊಫೈಲ್ ಮಾಡಿ, ಅದೇ ಮೂರ್ ಚುಕ್ಕಿಯಿಂದ Import bookmarks ಕೊಟ್ನಿ. ಮೊಬೈಲ್‌ನಾಗೂ ಅದೇ ಮೇಲ್, ಸಿಂಕ್ ಚಾಲೂ ಮಾಡಿದ ಮ್ಯಾಲೆ ಅಲ್ಲೂ "ಪಿಂಚಣಿ ಅಜ್ಜಿಗಳು" ಬಂದ್ರು. ಕಾಕಾ ಖುಷಿಯಾಗಿ, "ಈಗ ಎರಡ್ ಕಡೆ ಅದಾವಲ್ಲ, ಮತ್ತ ಆ ಪೆನ್‌ಡ್ರೈವ್ ಯಾಕ?" ಅಂದ್ರು. ನಾ ಹೇಳಿದ್ನಿ, "ಕಾಕಾ, ಇದು ಒಂದ ಖಾತೆಗೆ ಎರಡ್ ಪಾಸ್‌ಬುಕ್ ಇದ್ದಂಗ. ಮೊಬೈಲ್‌ನಾಗ ಮಮ್ಮಗ ಆಡ್ಕೋತ ಒಂದ್ ಫೋಲ್ಡರ್ ಅಳಿಸಿದ್ರ ಇಲ್ಲಿದ್ದೂ ಹೋಗ್ತೈತಿ." ಅಳಿಸೋದೂ ಸಿಂಕ್ ಆಗ್ತೈತಿ ಅನ್ನೋದು ಯಾರ ತಲ್ಯಾಗೂ ಬರಂಗಿಲ್ಲ. ಪೆನ್‌ಡ್ರೈವಿನ ಫೈಲಿಗೆ ಈ ಗೊಡವಿ ಇಲ್ಲ, ತಗದ ದಿನ ಹೆಂಗಿತ್ತೋ ಹಂಗ ಇರ್ತೈತಿ. ಆದ್ರ ಆಮ್ಯಾಲೆ ಸೇರಿಸಿದ್ದು ಅದ್ರಾಗ ಇರಂಗಿಲ್ಲ, ಅದಕ್ಕ ಆಗಾಗ ಹೊಸದು ತಗೀಬೇಕು. ಮತ್ತ ಎಲ್ಲಾ ಇದ್ದಾಗ ಅದನ್ನ ಇನ್ನೊಮ್ಮೆ ಇಂಪೋರ್ಟ್ ಕೊಟ್ರಂತೂ Imported ಅಂತ ಬ್ಯಾರೆ ಫೋಲ್ಡರಿನಾಗ ಎಲ್ಲಾ ಜೋಡಿ ಜೋಡಿ ಬಂದ್ ಕುಂದರ್ತಾವ, ಮೊಬೈಲ್‌ನಾಗೂ ಸೈತ.

ಮರುದಿನ ಮುಂಜಾನೆ ಫೋನ್. "ನೀ ತಂದ ಲಿಂಕ್ ಕೆಟ್ಟಾವ ನೋಡು, ಅರ್ಜಿ ಪೇಜ್ ಓಪನ್ ಆಗವಲ್ದು." ಹೋಗಿ ನೋಡಿದ್ರ ಕಾಕಾ ಲಾಗಿನ್ ಆದ ಮ್ಯಾಲೆ ಬರೋ ಒಳಗಿನ ಪೇಜಿಗೆ ಬುಕ್‌ಮಾರ್ಕ್ ಹಾಕ್ಯಾರ. ಬುಕ್‌ಮಾರ್ಕಿನಾಗ ಇರೋದು ವಿಳಾಸ ಅಷ್ಟ, ಲಾಗಿನ್ ಅದರ ಜೋಡಿ ಬರಂಗಿಲ್ಲ, ಸೆಷನ್ ಮುಗದೈತಿ ಅಂತ ಸೈಟ್ ಹೊರಗ ಹಾಕ್ತಿತ್ತು. ನಾ ಎಷ್ಟ್ ಹೇಳಿದ್ರೂ ಅವರು ನಂಬ್ಲಿಲ್ಲ. ಮೂಲ್ಯಾಗಿದ್ದ ಹಳೇ ಕಂಪ್ಯೂಟರ್ ಚಾಲೂ ಮಾಡಿ ಅದೇ ಲಿಂಕ್ ಒತ್ತಿ ತೋರಿಸಿದ್ನಿ, ಅಲ್ಲೂ ಅದೇ ಎರರ್. ಕಾಕಾ ಸ್ವಲ್ಪ ಹೊತ್ತು ನೋಡಿ ಅಂದ್ರು, "ಹಂಗಾರ ಇಷ್ಟ್ ದಿನ ನಾ ದಿನಾ ಎರಡ್ ಸಲ ಲಾಗಿನ್ ಆಗಾಕತ್ತಿದ್ನೇನು?"

ಹೌದ್ರಿ. ರೈಟ್ ಕ್ಲಿಕ್ ಮಾಡಿ, Edit ಒಳಗ ಲಾಗಿನ್ ಪೇಜಿನ ವಿಳಾಸ ಹಾಕಿ ಕೊಟ್ಟು ಬಂದೀನಿ.